ವಿಯೆಟ್ನಾಂ ಮದುವೆ ಸರ್ಟಿಫಿಕೇಟಿನ ಇಂಗ್ಲಿಷ್ ಅನುವಾದ: ಯುಕೆ ಡಿಪೆಂಡೆಂಟ್ ವೀಸಾಕ್ಕೆ ಕೆಂಪು ಮುದ್ರೆ ಇದ್ದರೆ ಸಾಕಾ?

ಸೈಗಾನ್ ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಹೋ ಚಿ ಮಿನ್ ಸಿಟಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ನನ್ನ ಹೆಂಡತಿ ಇಲ್ಲಿಯವಳು. 2022ರಲ್ಲಿ ಇಲ್ಲಿನ ಡಿಸ್ಟ್ರಿಕ್ಟ್ 7ರ ಪೀಪಲ್ಸ್ ಕಮಿಟಿಯಲ್ಲಿ ನಮ್ಮ ಮದುವೆ ನೋಂದಣಿ ಆಯಿತು. ಈಗ ನನಗೆ ಯುಕೆಯಲ್ಲಿ ಸ್ಕಿಲ್ಡ್ ವರ್ಕರ್ ವೀಸಾ ಮೇಲೆ ಕೆಲಸ ಸಿಕ್ಕಿದೆ. ಅವಳು ಡಿಪೆಂಡೆಂಟ್ ಪಾರ್ಟ್ನರ್ ಆಗಿ ಅರ್ಜಿ ಹಾಕಬೇಕು. ಸರ್ಟಿಫಿಕೇಟ್ ಪೂರ್ತಿ ವಿಯೆಟ್ನಾಮೀಸಿನಲ್ಲಿದೆ.

ಮನೆ ಹತ್ತಿರದ ಒಂದು ಏಜೆನ್ಸಿಯಲ್ಲಿ ಅನುವಾದ ಮಾಡಿಸಿದೆವು. ಎರಡು ಪುಟ, ದಾರ ಹಾಕಿದ ಹಾಗೆ ಸ್ಟೇಪಲ್ ಮಾಡಿದ್ದಾರೆ, ಮೇಲೆ ಕೆಂಪು ಮುದ್ರೆಗಳಿವೆ. ನೋಡಲು ಭರ್ಜರಿಯಾಗಿದೆ. ಆದರೆ ಓದುತ್ತಾ ಹೋದಂತೆ ಕೆಲವು ಕಡೆ ಅನುಮಾನ ಬಂತು.

ಸರ್ಟಿಫಿಕೇಟಿನಲ್ಲಿ ನೋಂದಣಿ ದಿನಾಂಕ 05/04/2022 ಅಂತ ಇದೆ. ಅದು ಏಪ್ರಿಲ್ 5. ಅನುವಾದದಲ್ಲಿ ಮೇ 4 ಅಂತ ಬರೆದಿದ್ದಾರೆ. ಹೆಂಡತಿಯ ಜನಾಂಗ ಕಿನ್ ಅಂತ ಇರುವ ಕಡೆ 'ನೇಷನ್: ಕಿನ್' ಅಂತ ಹಾಕಿದ್ದಾರೆ. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ನನ್ನ ಹೆಸರು, ಅಪ್ಪನ ಹೆಸರು ಎರಡೂ ಗಿವನ್ ನೇಮಿನಲ್ಲೇ ಇವೆ. ಸರ್ಟಿಫಿಕೇಟಿನಲ್ಲೂ ಅದೇ ಕ್ರಮ ಇದೆ. ಅನುವಾದದಲ್ಲಿ ಮಾತ್ರ ಎರಡನ್ನೂ ಅದಲು ಬದಲು ಮಾಡಿ ಅಪ್ಪನ ಹೆಸರನ್ನು ಮುಂದೆ ತಂದಿದ್ದಾರೆ. ವಿಳಾಸದಲ್ಲಿ ಡಿಸ್ಟ್ರಿಕ್ಟ್ 7 ಅನ್ನೋದೇ ಇಲ್ಲ, ಹೊಸ ವಾರ್ಡಿನ ಹೆಸರು ಇದೆ. ಏಜೆನ್ಸಿಯವರನ್ನು ಕೇಳಿದರೆ 'ಸರ್ಕಾರಿ ಮುದ್ರೆ ಬಿದ್ದಿದೆ, ಎಲ್ಲಾ ಸರಿ' ಅಂತಾರೆ. ಇದನ್ನೇ ಅಪ್‌ಲೋಡ್ ಮಾಡಬಹುದಾ? ಅಥವಾ ಹೊಸದಾಗಿ ಮಾಡಿಸಬೇಕಾ?

ಮಲ್ಲೇಶ್ವರಂ ಮೂರ್ತಿ

ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಇನ್ನೊಮ್ಮೆ ನೋಂದಣಿ ಮಾಡಿಸಿಬಿಡಿ. ಅಲ್ಲಿ ಇಂಗ್ಲಿಷಿನಲ್ಲೇ ಸರ್ಟಿಫಿಕೇಟ್ ಕೊಡ್ತಾರೆ, ಅನುವಾದದ ತಲೆನೋವೇ ಇರೋದಿಲ್ಲ. ನಮ್ಮ ತಂಗಿಗೆ ಹಾಗೇ ಮಾಡಿಸಿದ್ದೆವು.

ಸೈಗಾನ್ ದಾವಣಗೆರೆ

ಮೂರ್ತಿ ಸರ್, ನಮ್ಮ ಮದುವೆ ಆಗಿದ್ದೇ ವಿಯೆಟ್ನಾಮಿನಲ್ಲಿ, ನೋಂದಣಿಯೂ ಇಲ್ಲೇ. ಊರಿನಲ್ಲಿ ಆರತಕ್ಷತೆ ಮಾತ್ರ ಆಗಿದ್ದು. ನಮ್ಮ ಹತ್ತಿರ ಇರುವ ದಾಖಲೆ ಇದೊಂದೇ.

ಸುಮಾ, ಡಿಸ್ಟ್ರಿಕ್ಟ್ 1

ನಾನು ಇದೇ ಊರಿನಲ್ಲಿ ಅನುವಾದದ ಆಫೀಸಿನಲ್ಲಿ ಕೆಲಸ ಮಾಡ್ತೇನೆ. ಮದುವೆ ಮತ್ತು ಜನನ ಸರ್ಟಿಫಿಕೇಟುಗಳೇ ಜಾಸ್ತಿ ಬರುತ್ತವೆ. ನೀವು ಹೇಳಿದ್ದನ್ನು ನೋಡಿದರೆ ಇದನ್ನು ಅಪ್‌ಲೋಡ್ ಮಾಡಬೇಡಿ. ದಿನಾಂಕದ ತಪ್ಪೊಂದೇ ಸಾಕು. ಅರ್ಜಿಯಲ್ಲಿ ನೀವು ಏಪ್ರಿಲ್ 5 ಅಂತ ತುಂಬುತ್ತೀರಿ, ಅನುವಾದದಲ್ಲಿ ಮೇ 4 ಇರುತ್ತದೆ. ಮೂಲವನ್ನು ಓದಲು ಬಾರದ ಅಧಿಕಾರಿಗೆ ಯಾವುದು ನಿಜ ಅಂತ ಹೇಗೆ ಗೊತ್ತಾಗಬೇಕು?

ಮೊದಲು ಆ ಕೆಂಪು ಮುದ್ರೆ ಏನು ಅಂತ ಹೇಳ್ತೇನೆ. ಎಲ್ಲರೂ ಎಡವೋದು ಅಲ್ಲೇ. ವಿಯೆಟ್ನಾಮಿನಲ್ಲಿ ಈ ಮುದ್ರೆ ಎರಡು ಬಗೆಯಲ್ಲಿ ಬೀಳುತ್ತಿತ್ತು. ನೋಟರಿ ಆಫೀಸಿಗೆ ಹೋದರೆ ನೋಟರಿ ಅನುವಾದವನ್ನೇ ದೃಢೀಕರಿಸುತ್ತಿದ್ದರು. ಡಿಸ್ಟ್ರಿಕ್ಟಿನ ಜಸ್ಟಿಸ್ ವಿಭಾಗಕ್ಕೆ ಹೋದರೆ ಅವರು ಅನುವಾದಕರ ಸಹಿಯನ್ನು ಮಾತ್ರ ದೃಢೀಕರಿಸುತ್ತಿದ್ದರು. ಅಂದರೆ 'ಈ ವ್ಯಕ್ತಿ ನಮ್ಮೆದುರು ಸಹಿ ಹಾಕಿದ್ದಾರೆ' ಅಂತ ಅಷ್ಟೇ. ಒಳಗಿನ ಬರಹ ಸರಿಯಾಗಿದೆಯಾ ಅನ್ನೋದು ಅನುವಾದಕರ ಜವಾಬ್ದಾರಿ. 2024ರ ಹೊಸ ನೋಟರಿ ಕಾನೂನು 2025ರ ಜುಲೈ 1ರಂದು ಜಾರಿಗೆ ಬಂದ ಮೇಲೆ ನೋಟರಿಗಳೂ ಸಹಿಯನ್ನು ಮಾತ್ರ ದೃಢೀಕರಿಸುತ್ತಾರೆ. ಹಾಗಾಗಿ ಈಗ ಮಾಡಿಸಿದ ಯಾವ ಅನುವಾದದ ಮೇಲಿನ ಮುದ್ರೆಯೂ 'ಒಳಗಿನದು ಸರಿ' ಅಂತ ಹೇಳೋದಿಲ್ಲ. ನಿಮ್ಮ ಏಜೆನ್ಸಿಯವರ ಮಾತು ಅದಕ್ಕೇ ನಿಲ್ಲೋದಿಲ್ಲ.

ಇನ್ನು ಯುಕೆ ಕೇಳೋದು ಬೇರೆಯೇ. ಅವರಿಗೆ ನೋಟರಿ ಬೇಕಿಲ್ಲ, ಸರ್ಕಾರಿ ಮುದ್ರೆಯೂ ಬೇಕಿಲ್ಲ. ಇದು ಮೂಲದ ನಿಖರ ಅನುವಾದ ಅನ್ನುವ ಒಂದು ಮಾತು, ಅನುವಾದದ ದಿನಾಂಕ, ಅನುವಾದಕರ ಪೂರ್ತಿ ಹೆಸರು ಮತ್ತು ಸಹಿ, ಅವರನ್ನು ಸಂಪರ್ಕಿಸುವ ವಿವರ. ಇಷ್ಟು ಇದ್ದರೆ ಆಯಿತು. ನಿಮ್ಮ ಎರಡನೇ ಪುಟದಲ್ಲಿ ಅನುವಾದಕರ ಫೋನೋ ಇಮೇಲೋ ಇದೆಯಾ ನೋಡಿ. ಇಲ್ಲಿನ ಪದ್ಧತಿಯಲ್ಲಿ ಅನುವಾದಕರ ಹೆಸರು ಮತ್ತು ಗುರುತಿನ ಚೀಟಿ ನಂಬರ್ ಹಾಕಿ ಬಿಟ್ಟುಬಿಡ್ತಾರೆ. ಅಧಿಕಾರಿಯ ದೃಢೀಕರಣದ ಮಾತು ಎಷ್ಟೋ ಸಲ ವಿಯೆಟ್ನಾಮೀಸಿನಲ್ಲೇ ಉಳಿದಿರುತ್ತದೆ. ಲಂಡನ್ನಿನಲ್ಲಿ ಓದುವವರಿಗೆ ಅದರಿಂದ ಏನೂ ತಿಳಿಯೋದಿಲ್ಲ.

ಸೈಗಾನ್ ದಾವಣಗೆರೆ

ಅಕ್ಕ, ಈಗ ನೋಡಿದೆ. ಹೆಸರು, ಗುರುತಿನ ಚೀಟಿ ನಂಬರ್, ಸಹಿ ಇವೆ. ಫೋನ್ ಇಲ್ಲ, ಇಮೇಲ್ ಇಲ್ಲ. ಕೆಳಗಿನ ಇಡೀ ಭಾಗ ವಿಯೆಟ್ನಾಮೀಸಿನಲ್ಲೇ ಇದೆ.

ಟೊರೊಂಟೊ ಪ್ರಕಾಶ್

ನನ್ನ ಪ್ರಕಾರ ನೋಟರಿ ಬೇಕೇ ಬೇಕು. ಬೆಂಗಳೂರಿನಲ್ಲಿ ಯಾರಾದರೂ ನೋಟರಿ ಹತ್ತಿರ ಹೋಗಿ ಅಫಿಡವಿಟ್ ಮಾಡಿಸಿ. ನಾವು ಕೆನಡಾಕ್ಕೆ ಹಾಗೇ ಕೊಟ್ಟಿದ್ದು, ಒಂದು ಪ್ರಶ್ನೆಯೂ ಬರಲಿಲ್ಲ. ಅಪೊಸ್ಟಿಲ್ ಕೂಡ ಮಾಡಿಸಿ, ಇರಲಿ. ಜಾಸ್ತಿ ಇದ್ದರೆ ನಷ್ಟ ಏನಿದೆ?

ಸುಮಾ, ಡಿಸ್ಟ್ರಿಕ್ಟ್ 1

ಪ್ರಕಾಶ್, ಕೆನಡಾದ ಮಟ್ಟಿಗೆ ನೀವು ಹೇಳಿದ್ದು ಸರಿ. ಅಲ್ಲಿ ಅನುವಾದಕರು ಕೆನಡಾದ ಮಾನ್ಯತೆ ಪಡೆದವರಲ್ಲದಿದ್ದರೆ ಪ್ರಮಾಣ ಮಾಡಿದ ಅಫಿಡವಿಟ್ ಕೇಳ್ತಾರೆ. ಆದರೆ ಆ ಪ್ರಮಾಣ ಮಾಡಬೇಕಾದವರು ಎರಡೂ ಭಾಷೆ ಬಲ್ಲ ಅನುವಾದಕರು. ವಿಯೆಟ್ನಾಮೀಸ್ ಬಾರದ ಬೆಂಗಳೂರಿನ ನೋಟರಿ ಮುದ್ರೆ ಒತ್ತಿದ ಮಾತ್ರಕ್ಕೆ ಅನುವಾದ ಸರಿ ಅಂತ ಆಗೋದಿಲ್ಲ. ಯುಕೆಗಂತೂ ಅಫಿಡವಿಟ್ ಬೇಕಿಲ್ಲ.

ಅಪೊಸ್ಟಿಲ್, ಕಾನ್ಸುಲರ್ ಲೀಗಲೈಸೇಶನ್ ಇವೆಲ್ಲ ಮೂಲ ದಾಖಲೆಯ ಮೇಲಿನ ಸಹಿ, ಮುದ್ರೆ ಅಸಲಿ ಅಂತ ಹೇಳುವ ಕ್ರಮ. ಅನುವಾದದ ಗುಣಕ್ಕೂ ಅದಕ್ಕೂ ಸಂಬಂಧ ಇಲ್ಲ. ಈ ವೀಸಾಕ್ಕೆ ಅದನ್ನು ಕೇಳಿಲ್ಲ. ಕೇಳದಿದ್ದಾಗ ಸುಮ್ನೆ ವಾರಗಟ್ಟಲೆ ಓಡಾಡೋದು ಯಾಕೆ?

ಮೆಲ್ಬರ್ನ್ ಅನಿತಾ

ನಾವು ಆಸ್ಟ್ರೇಲಿಯಾ ಪಾರ್ಟ್ನರ್ ವೀಸಾ ಮಾಡಿಸಿದಾಗ ಅನುವಾದಕರಿಗೆ ಮಾನ್ಯತೆ ಕೊಡುವ ನಾಟಿ ಅನ್ನುವ ಅಲ್ಲಿನ ಸಂಸ್ಥೆಯ ಮಾನ್ಯತೆ ಇರುವವರನ್ನೇ ಹುಡುಕಿದೆವು. ಪ್ರತಿ ಪುಟಕ್ಕೂ ಅವರ ಸ್ಟಾಂಪ್ ಇತ್ತು. ಯುಕೆಗೂ ಅಂಥ ಒಂದು ಸಂಸ್ಥೆ ಇರಬೇಕಲ್ವಾ? ನನ್ನ ಗಂಡನ ಜನನ ಪತ್ರದಲ್ಲಿ ಊರಿನ ಹೆಸರೇ ತಪ್ಪಾಗಿತ್ತು, ಅದನ್ನು ಸರಿ ಮಾಡಿಸಲು ಬಹಳ ಒದ್ದಾಡಿದೆವು. ಯಾರಿಗಾದರೂ ಹಾಗೆ ಆಗಿದೆಯಾ?

ಲೀಡ್ಸ್ ಲೋಕೇಶ

ಅನಿತಾ ಮೇಡಂ, ಯುಕೆಯಲ್ಲಿ ಅನುವಾದಕರ ಸಂಘಗಳಿವೆ. ಹೊರಗಿನಿಂದ ಅರ್ಜಿ ಹಾಕುವವರು ಅವುಗಳ ಸದಸ್ಯರ ಹತ್ತಿರವೇ ಮಾಡಿಸಬೇಕು ಅಂತ ಇಲ್ಲ. ಯುಕೆ ಒಳಗಿದ್ದು ವೀಸಾ ಮುಂದುವರಿಸುವಾಗ ಮಾತ್ರ ಅನುವಾದಕರ ಅರ್ಹತೆಯ ವಿವರವನ್ನೂ ಕೇಳಿದ್ದನ್ನು ನೋಡಿದ್ದೇನೆ. ಹಾಗಾಗಿ ಈಗಲೇ ಆ ಒಂದು ಸಾಲು ಸೇರಿಸಿಕೊಂಡರೆ ಮುಂದೆಯೂ ಇದೇ ಅನುವಾದ ಬಳಕೆಗೆ ಬರುತ್ತದೆ.

ದಾವಣಗೆರೆಯವರೇ, ನಿಮ್ಮ ಹೆಂಡತಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದಾ? ಅವರೇ ಅನುವಾದ ಮಾಡಿದರೆ ದುಡ್ಡು ಉಳಿಯುತ್ತದೆ.

ಸುಮಾ, ಡಿಸ್ಟ್ರಿಕ್ಟ್ 1

ಲೋಕೇಶ್, ಅರ್ಹತೆಯ ಸಾಲಿನ ಬಗ್ಗೆ ಒಳ್ಳೆಯ ಮಾತು ಹೇಳಿದಿರಿ. ಆದರೆ ಹೆಂಡತಿಯೇ ಅನುವಾದ ಮಾಡೋದು ಬೇಡ. ಅರ್ಜಿ ಅವರದ್ದೇ. ಬೇಕಾದರೆ ವೀಸಾ ಕಚೇರಿಯವರು ಅನುವಾದಕರನ್ನು ಸಂಪರ್ಕಿಸಿ ವಿಚಾರಿಸುವಂತಿರಬೇಕು ಅನ್ನೋದೇ ಆ ಫೋನು, ಇಮೇಲಿನ ಉದ್ದೇಶ. ಅರ್ಜಿದಾರರೇ ಅನುವಾದಕರಾದರೆ ಅದಕ್ಕೆ ಅರ್ಥ ಉಳಿಯೋದಿಲ್ಲ. ಕೆನಡಾದಲ್ಲಂತೂ ಅರ್ಜಿದಾರರು, ಮನೆಯವರು, ಅವರ ಪ್ರತಿನಿಧಿ ಯಾರೂ ಮಾಡುವಂತಿಲ್ಲ ಅಂತ ನೇರವಾಗಿ ಬರೆದಿದ್ದಾರೆ.

ಈಗ ನಿಮ್ಮ ಕಾಗದದ ವಿಷಯಕ್ಕೆ ಬರ್ತೇನೆ. ದಿನಾಂಕವನ್ನು ಅಂಕಿಯಲ್ಲಿ ಬಿಡದೆ ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಸಿ. ಇಲ್ಲಿ ಯಾವಾಗಲೂ ದಿನ ಮೊದಲು, ತಿಂಗಳು ಆಮೇಲೆ. ಅಮೆರಿಕದ ಕ್ರಮಕ್ಕೆ ಒಗ್ಗಿದ ಅನುವಾದಕರು ತಿರುಗಿಸಿಬಿಡ್ತಾರೆ. 12ಕ್ಕಿಂತ ದೊಡ್ಡ ದಿನ ಇದ್ದರೆ ತಪ್ಪು ಕಣ್ಣಿಗೆ ಬೀಳುತ್ತದೆ, 05/04 ಥರದ್ದು ಇದ್ದರೆ ಹಾಗೇ ದಾಟಿಹೋಗುತ್ತದೆ.

'ನೇಷನ್: ಕಿನ್' ಅನ್ನೋದೂ ತಪ್ಪೇ. ಫಾರಂನಲ್ಲಿ ಜನಾಂಗ ಮತ್ತು ರಾಷ್ಟ್ರೀಯತೆ ಅಂತ ಬೇರೆ ಬೇರೆ ಸಾಲುಗಳಿವೆ. ಕಿನ್ ಅನ್ನೋದು ಜನಾಂಗ, ಹಾಗಾಗಿ ಅಲ್ಲಿ ಎಥ್ನಿಸಿಟಿ ಅಂತ ಬರಬೇಕು. ವಿಯೆಟ್ನಾಂ ಅನ್ನೋದು ಮುಂದಿನ ಸಾಲಿನ ರಾಷ್ಟ್ರೀಯತೆ. ನಿಮ್ಮ ಬದಿಯಲ್ಲಿ ಜನಾಂಗದ ಸಾಲು ಖಾಲಿ ಇದ್ದರೆ ಅನುವಾದದಲ್ಲಿ ಆ ಸಾಲನ್ನು ಅಳಿಸಬಾರದು. ಖಾಲಿ ಅಂತ ಚೌಕ ಆವರಣದಲ್ಲಿ ಬರೆಯಬೇಕು. ಮೂಲದಲ್ಲಿ ಒಂದು ಕಡೆ ಹೆಂಡತಿ, ಒಂದು ಕಡೆ ಗಂಡ ಅಂತ ಎರಡು ಅಂಕಣ ಇರುತ್ತದೆ. ಅನುವಾದದಲ್ಲೂ ಅದೇ ಎರಡು ಅಂಕಣ, ಅದೇ ಕ್ರಮ ಇರಲಿ. ಎರಡೂ ಕಾಗದ ಪಕ್ಕದಲ್ಲಿಟ್ಟರೆ ಭಾಷೆ ಬಾರದವರೂ ಸಾಲಿಗೆ ಸಾಲು ಹೊಂದಿಸಿ ನೋಡುವಂತಿರಬೇಕು.

ಹೆಸರಿನ ಕ್ರಮವನ್ನು ಅನುವಾದಕರು ಮುಟ್ಟಲೇಬಾರದು. ಸರ್ಟಿಫಿಕೇಟಿನಲ್ಲಿ ನಿಮ್ಮ ಹೆಸರು ಲ್ಯಾಟಿನ್ ಅಕ್ಷರದಲ್ಲೇ ಇದೆ. ಅದನ್ನು ಅನುವಾದ ಮಾಡೋದೇನೂ ಇಲ್ಲ, ಇದ್ದ ಹಾಗೆ ನಕಲು ಮಾಡಿದರೆ ಆಯಿತು. ಇಲ್ಲಿನವರಿಗೆ ಮನೆತನದ ಹೆಸರು ಮೊದಲು ಬರುತ್ತದೆ. ನಮ್ಮ ಕಡೆ ಕೆಲವರಿಗೆ ಮನೆತನದ ಹೆಸರೇ ಇರೋದಿಲ್ಲ, ಅಪ್ಪನ ಹೆಸರು ಇರುತ್ತದೆ. ಅದು ಅವರಿಗೆ ಗೊತ್ತಾಗದೆ ಸರಿ ಮಾಡಲು ಹೋಗ್ತಾರೆ. ನಿಮ್ಮ ಹೆಂಡತಿಯ ಹೆಸರಿನ ಮೇಲಿನ ಚಿಹ್ನೆಗಳು ಇರಲಿ ಬಿಡಲಿ, ಅಕ್ಷರಗಳು ಪಾಸ್‌ಪೋರ್ಟಿನ ಕೆಳಗೆ ಯಂತ್ರ ಓದುವ ಎರಡು ಸಾಲುಗಳಿಗೆ ಹೊಂದಬೇಕು. ಅಡ್ಡಗೆರೆ ಇರುವ ಡಿ ಅಲ್ಲಿ ಬರೀ ಡಿ ಆಗಿರುತ್ತದೆ.

ಸೈಗಾನ್ ದಾವಣಗೆರೆ

ಬಹಳ ಉಪಕಾರ ಅಕ್ಕ. ವಿಳಾಸದ್ದು ಹೇಗೆ? ಡಿಸ್ಟ್ರಿಕ್ಟ್ 7 ಈಗ ಇಲ್ಲವಲ್ಲ, ಅದಕ್ಕೇ ಬದಲಾಯಿಸಿದ್ದೇವೆ ಅಂತ ಏಜೆನ್ಸಿಯವರು ಹೇಳ್ತಾರೆ. ಇನ್ನೊಂದು ವಿಷಯ. ಸರ್ಟಿಫಿಕೇಟಿನಲ್ಲಿ ಇರೋದು ನನ್ನ ಹಳೆಯ ಪಾಸ್‌ಪೋರ್ಟ್ ನಂಬರ್. ಹೆಂಡತಿಯದ್ದು ಹಳೆಯ 9 ಅಂಕಿಯ ಗುರುತಿನ ಚೀಟಿ, ಈಗ ಅವಳದ್ದು 12 ಅಂಕಿ.

ಸುಮಾ, ಡಿಸ್ಟ್ರಿಕ್ಟ್ 1

2025ರ ಜುಲೈ 1ರಿಂದ ಇಡೀ ವಿಯೆಟ್ನಾಮಿನಲ್ಲಿ ಡಿಸ್ಟ್ರಿಕ್ಟ್ ಮಟ್ಟವೇ ಇಲ್ಲವಾಯಿತು. ಪ್ರಾಂತ್ಯಗಳೂ 63ರಿಂದ 34ಕ್ಕೆ ಇಳಿದವು. ನನ್ನ ಹೆಸರಿನ ಪಕ್ಕದ ಡಿಸ್ಟ್ರಿಕ್ಟ್ 1 ಕೂಡ ಈಗ ಕಾಗದದ ಮೇಲೆ ಇಲ್ಲ, ಜನ ಮಾತ್ರ ಹಾಗೇ ಕರೀತಾರೆ. ಆದರೆ ನಿಮ್ಮ ಮದುವೆ ಆದ 2022ರಲ್ಲಿ ವಿದೇಶಿಯರ ಮದುವೆ ನೋಂದಣಿ ಮಾಡುವ ಅಧಿಕಾರ ಇದ್ದದ್ದು ಡಿಸ್ಟ್ರಿಕ್ಟಿಗೇ. ಮುದ್ರೆಯಲ್ಲೂ ಅದೇ ಹೆಸರಿದೆ. ಅನುವಾದದಲ್ಲಿ ಹೊಸ ವಾರ್ಡ್ ಹಾಕಿದರೆ, ಆ ದಿನ ಅಧಿಕಾರವೇ ಇಲ್ಲದ ಕಚೇರಿ ನಿಮ್ಮ ಮದುವೆ ನೋಂದಣಿ ಮಾಡಿತು ಅಂತ ಬರೆದ ಹಾಗಾಯಿತು. ಸ್ಕ್ಯಾನಿನಲ್ಲಿರುವ 7 ಅನ್ನುವ ಅಂಕಿ ಅನುವಾದದಲ್ಲಿ ಎಲ್ಲೂ ಇರೋದಿಲ್ಲ. ಅದನ್ನು ಯಾರು ಬೇಕಾದರೂ ಗಮನಿಸ್ತಾರೆ.

ಹಳೆಯ ಪಾಸ್‌ಪೋರ್ಟ್ ನಂಬರ್, 9 ಅಂಕಿಯ ಚೀಟಿ ನಂಬರ್ ಎರಡೂ ಇದ್ದ ಹಾಗೇ ಇರಲಿ. ಬದಲಾಗಿದ್ದನ್ನು ಹೇಳಬೇಕಾದ ಜಾಗ ಅನುವಾದ ಅಲ್ಲ, ನಿಮ್ಮ ಕವರಿಂಗ್ ಲೆಟರ್. ಅದರಲ್ಲಿ ಒಂದು ಸಾಲು ಬರೆದು ಹಳೆಯ ಪಾಸ್‌ಪೋರ್ಟಿನ ಮೊದಲ ಪುಟವನ್ನೂ ಸೇರಿಸಿ. ಅರ್ಜಿಯ ಫಾರಂನಲ್ಲಿ ಈಗಿನ ವಿಳಾಸ, ಈಗಿನ ನಂಬರ್ ತುಂಬಿ.

ಇನ್ನು ಕೆಳಗಿನ ಸಹಿ. ಅಲ್ಲಿ ಏನಂತ ಇಂಗ್ಲಿಷ್ ಮಾಡಿದ್ದಾರೆ?

ಸೈಗಾನ್ ದಾವಣಗೆರೆ

'ಚೇರ್ಮನ್' ಅಂತ ಹಾಕಿ ಕೆಳಗೆ ಹೆಸರು ಬರೆದಿದ್ದಾರೆ. ಮುದ್ರೆ ಬಗ್ಗೆ ಏನೂ ಇಲ್ಲ. ಮೂಲದಲ್ಲಿ ಮೂರು ಸಾಲುಗಳಿವೆ, ಮೊದಲೆರಡು ಟಿಎಂ ಮತ್ತು ಕೆಟಿ ಅಂತ ಶುರುವಾಗುತ್ತವೆ.

ಸುಮಾ, ಡಿಸ್ಟ್ರಿಕ್ಟ್ 1

ಹಾಗಾದರೆ ಸಹಿ ಹಾಕಿದವರು ಅಧ್ಯಕ್ಷರಲ್ಲ, ಉಪಾಧ್ಯಕ್ಷರು. ಟಿಎಂ ಅಂದರೆ ಕಮಿಟಿಯ ಪರವಾಗಿ. ಕೆಟಿ ಅಂದರೆ ಅಧ್ಯಕ್ಷರ ಬದಲಿಗೆ ಸಹಿ. ಮೂರನೇ ಸಾಲಿನಲ್ಲಿ ಇರೋದು ಸಹಿ ಹಾಕಿದವರ ನಿಜವಾದ ಹುದ್ದೆ. ಮೂರೂ ಸಾಲು ಬರಬೇಕು, ಮುದ್ರೆಯೂ ಬರಬೇಕು. ಹೀಗೆ ಟೈಪ್ ಮಾಡಿಸಿ:

```
ON BEHALF OF THE PEOPLE'S COMMITTEE
FOR THE CHAIRPERSON
VICE CHAIRPERSON
[Signed]
[Full name as on the original]
[Round red seal: People's Committee of
District 7, Ho Chi Minh City]
```

ಗಂಡ, ಹೆಂಡತಿ ಇಬ್ಬರ ಸಹಿ ಇರುವ ಕಡೆಯೂ ಸಹಿ ಆಗಿದೆ ಅಂತ ಹಾಕಬೇಕು. ಸರ್ಟಿಫಿಕೇಟಿನ ನಂಬರ್, ತಲೆಬರಹದ ದೇಶದ ಹೆಸರು, ಅದರ ಕೆಳಗಿನ 'ಇಂಡಿಪೆಂಡೆನ್ಸ್, ಫ್ರೀಡಂ, ಹ್ಯಾಪಿನೆಸ್' ಅನ್ನುವ ಧ್ಯೇಯವಾಕ್ಯ ಯಾವುದನ್ನೂ ಬಿಡೋ ಹಾಗಿಲ್ಲ. ಹಿಂಬದಿಯಲ್ಲಿ ಕೈಬರಹದ ಟಿಪ್ಪಣಿ ಏನಾದರೂ ಇದ್ದರೆ ಅದೂ ಬರಬೇಕು.

ಕೊನೆಗೆ ಅನುವಾದಕರ ಮಾತು. ಇದು ಬೇರೆ ಹಾಳೆಯಲ್ಲಿ ಬೇಡ, ಅನುವಾದದ ಕೆಳಗೇ ಇರಲಿ:

```
I confirm that this is a true and accurate translation
of the attached document from Vietnamese into English.
Translator's full name and signature:
Date of translation:
Qualification or company:
Address, phone, email:
```

ಮೂಲದ ಬಣ್ಣದ ಸ್ಕ್ಯಾನ್ ಮೊದಲು, ಅನುವಾದ ಆಮೇಲೆ. ಎರಡೂ ಒಂದೇ ಪಿಡಿಎಫ್‌ನಲ್ಲಿ ಇರಲಿ.

ಲೀಡ್ಸ್ ಲೋಕೇಶ

ಒಂದು ಅನುಮಾನ. ಸರಿ ಮಾಡಿಸಿದ ಅನುವಾದಕ್ಕೆ ಮತ್ತೆ ವಾರ್ಡಿನಲ್ಲೋ ನೋಟರಿಯಲ್ಲೋ ಕೆಂಪು ಮುದ್ರೆ ಹಾಕಿಸಬೇಕಾ? ಯುಕೆಗೆ ಬೇಡ ಅಂದ ಮೇಲೆ ಬಿಟ್ಟುಬಿಡಬಹುದಲ್ವಾ?

ಸುಮಾ, ಡಿಸ್ಟ್ರಿಕ್ಟ್ 1

ಬಿಡಬಹುದು. ಆದರೆ ನಾನು ಹಾಕಿಸಿ ಅಂತಲೇ ಹೇಳ್ತೇನೆ. ಇದೇ ಅನುವಾದವನ್ನು ಮುಂದೆ ಬೇರೆ ಕಡೆ ಕೇಳಬಹುದು. ಮುದ್ರೆ ಹಾಕುವಾಗ ಮೂಲದ ಪ್ರತಿಯನ್ನೂ ಅನುವಾದವನ್ನೂ ಸೇರಿಸಿ ಹಾಳೆಗಳ ಅಂಚಿಗೆ ಬರುವಂತೆ ಒತ್ತುತ್ತಾರೆ, ಇಲ್ಲಿ ಅದನ್ನು ಯಾಪ್ ಲಾಯ್ ಅಂತಾರೆ. ಹಾಗೆ ಒತ್ತಿದರೆ ಮಧ್ಯದ ಹಾಳೆ ಬದಲಾಯಿಸಲು ಆಗೋದಿಲ್ಲ. ಸ್ಕ್ಯಾನ್ ಮಾಡಲು ಮಾತ್ರ ಸ್ಟೇಪಲ್ ಬಿಚ್ಚಬೇಡಿ. ಬಿಚ್ಚಿದರೆ ಅಂಚಿನ ಮುದ್ರೆ ಹೊಂದೋದಿಲ್ಲ.

ಲೀಡ್ಸ್ ಲೋಕೇಶ

ನನಗೆ ಅದು ಅಷ್ಟು ಸರಿ ಕಾಣೋದಿಲ್ಲ. ದೃಢೀಕರಣದ ಮಾತು ವಿಯೆಟ್ನಾಮೀಸಿನಲ್ಲಿ ಇದ್ದರೆ ಅನುವಾದ ಆಗದ ಬರಹ ಮತ್ತೆ ಒಳಗೆ ಬಂದ ಹಾಗಾಯಿತು. ಅದಕ್ಕೂ ಅನುವಾದ ಬೇಕು ಅಂತ ಯಾರಾದರೂ ಕೇಳಿದರೆ? ಕಾಗದ ಕಡಿಮೆ ಇದ್ದಷ್ಟೂ ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ.

ಸುಮಾ, ಡಿಸ್ಟ್ರಿಕ್ಟ್ 1

ಆ ಮಾತನ್ನು ಎರಡೂ ಭಾಷೆಯಲ್ಲಿ ಕೊಡುವ ಕಡೆ ಮಾಡಿಸಬಹುದು. ಎಲ್ಲರೂ ಕೊಡೋದಿಲ್ಲ, ಮೊದಲೇ ಕೇಳಬೇಕು. ಸಿಗದಿದ್ದರೆ ನಿಮ್ಮ ಮಾತಿಗೂ ಬೆಲೆ ಇದೆ.

ಟೊರೊಂಟೊ ಪ್ರಕಾಶ್

ನಾನಾಗಿದ್ದರೆ ಮುದ್ರೆ ಹಾಕಿಸುತ್ತಿದ್ದೆ. ಅಧಿಕಾರಿಗಳಿಗೆ ಮುದ್ರೆ ಕಂಡರೆ ನಂಬಿಕೆ ಬರುತ್ತದೆ.

ಸೈಗಾನ್ ದಾವಣಗೆರೆ

ಬೇರೆ ಅನುವಾದಕರನ್ನು ಹಿಡಿದು ಎಲ್ಲಾ ಹೊಸದಾಗಿ ಮಾಡಿಸಿದೆವು. ಏಪ್ರಿಲ್ 5 ಅಕ್ಷರದಲ್ಲಿ ಬಂದಿದೆ. ಡಿಸ್ಟ್ರಿಕ್ಟ್ 7 ವಾಪಸ್ ಬಂದಿದೆ. ಉಪಾಧ್ಯಕ್ಷರು, ಮುದ್ರೆ, ಖಾಲಿ ಇದ್ದ ಜನಾಂಗದ ಸಾಲು ಎಲ್ಲವೂ ಇವೆ. ಹೆಂಡತಿ ಮೂಲವನ್ನು ಸಾಲು ಸಾಲಾಗಿ ಓದಿದಳು, ನಾನು ಇಂಗ್ಲಿಷ್ ನೋಡುತ್ತಾ ಗುರುತು ಹಾಕಿದೆ. ಅವಳ ಹಳೆಯ ಚೀಟಿ ನಂಬರಿನಲ್ಲಿ ಒಂದು ಅಂಕಿ ತಪ್ಪಿತ್ತು, ಅದನ್ನೂ ಸರಿ ಮಾಡಿಸಿದೆವು. ಮುದ್ರೆ ವಿಷಯ ಇನ್ನೂ ತೀರ್ಮಾನ ಮಾಡಿಲ್ಲ. ಎರಡು ಭಾಷೆಯಲ್ಲಿ ದೃಢೀಕರಣ ಕೊಡುವ ನೋಟರಿ ಹತ್ತಿರದಲ್ಲಿ ಇದ್ದಾರಾ ಅಂತ ನಾಳೆ ವಿಚಾರಿಸ್ತೇನೆ.

ಹನೋಯ್ ಹೇಮಂತ್

ತಡವಾಗಿ ಬಂದೆ, ಕ್ಷಮಿಸಿ. ನಮ್ಮದು 2014ರ ಮದುವೆ, ಸರ್ಟಿಫಿಕೇಟ್ ಕೊಟ್ಟಿದ್ದು ಪ್ರಾಂತ್ಯದ ಜಸ್ಟಿಸ್ ಇಲಾಖೆ. ನಮ್ಮಿಬ್ಬರಿಗೂ ಒಂದೊಂದು ಮೂಲ ಪ್ರತಿ ಕೊಟ್ಟಿದ್ದರು. ನನ್ನದು ಕಳೆದುಹೋಗಿದೆ, ಹೆಂಡತಿಯದ್ದು ನೀರು ಬಿದ್ದು ಮುದ್ರೆ ಮಸುಕಾಗಿದೆ. ಅದನ್ನೇ ಅನುವಾದ ಮಾಡಿಸಲಾ?

ಸುಮಾ, ಡಿಸ್ಟ್ರಿಕ್ಟ್ 1

2016ಕ್ಕೆ ಮೊದಲು ವಿದೇಶಿಯರ ಮದುವೆ ಪ್ರಾಂತ್ಯದ ಮಟ್ಟದಲ್ಲೇ ನೋಂದಣಿ ಆಗುತ್ತಿತ್ತು, ನಿಮ್ಮದು ಸರಿಯಾಗೇ ಇದೆ. ಮುದ್ರೆ ಓದಲು ಬಾರದಿದ್ದರೆ ಅನುವಾದಕರು 'ಮುದ್ರೆ ಅಸ್ಪಷ್ಟ' ಅಂತಲೇ ಬರೆಯಬೇಕಾಗುತ್ತದೆ, ಊಹೆ ಮಾಡಿ ತುಂಬುವಂತಿಲ್ಲ. ಅದರ ಬದಲು ನೋಂದಣಿ ಪುಸ್ತಕದಿಂದ ಟ್ರಿಕ್ ಲುಕ್ ಪ್ರತಿ ತೆಗೆಸಿ. ಅದು ಪುಸ್ತಕದಲ್ಲಿರುವ ಮದುವೆ ದಾಖಲೆಯ ಅಧಿಕೃತ ನಕಲು. ಮೇಲೆ ಈಗಿನ ಕಚೇರಿಯ ಹೆಸರು, ಇವತ್ತಿನ ದಿನಾಂಕ ಇರುತ್ತದೆ. ಒಳಗೆ 2014ರ ವಿವರ ಇರುತ್ತದೆ. ಅನುವಾದದಲ್ಲಿ ಈ ಎರಡು ದಿನಾಂಕಗಳು ಬೆರೆಯದಂತೆ ನೋಡಿಕೊಳ್ಳಿ. ತಲೆಬರಹದಲ್ಲೂ ಮದುವೆ ಸರ್ಟಿಫಿಕೇಟ್ ಅಂತ ಹಾಕಬಾರದು, ಮದುವೆ ನೋಂದಣಿಯ ಎಕ್ಸ್‌ಟ್ರಾಕ್ಟ್ ಅಂತ ಬರಬೇಕು. ಯಾವ ದೇಶದ ವೀಸಾ ನಿಮ್ಮದು?

ಹನೋಯ್ ಹೇಮಂತ್

ಆಸ್ಟ್ರೇಲಿಯಾ. ನಾವಿಬ್ಬರೂ ಹನೋಯ್‌ನಲ್ಲೇ ಇದ್ದೇವೆ. ಇಲ್ಲಿಂದ ಮಾಡಿಸಿದರೂ ನಾಟಿಯವರೇ ಬೇಕಾ?

ಮೆಲ್ಬರ್ನ್ ಅನಿತಾ

ಹೊರದೇಶದಲ್ಲಿ ಮಾಡಿಸಿದರೆ ನಾಟಿ ಕಡ್ಡಾಯ ಅಲ್ಲ. ಅನುವಾದಕರ ಪೂರ್ತಿ ಹೆಸರು, ವಿಳಾಸ, ಫೋನ್, ಆ ಭಾಷೆಯಲ್ಲಿ ಅವರಿಗಿರುವ ಅರ್ಹತೆ ಮತ್ತು ಅನುಭವ ಅದರಲ್ಲೇ ಬರೆದಿರಬೇಕು. ನಾವು ಆಗ ಮೆಲ್ಬರ್ನಿನಲ್ಲೇ ಇದ್ದಿದ್ದರಿಂದ ನಾಟಿಯವರ ಹತ್ತಿರ ಹೋಗಿದ್ದು. ಮೊದಲು ಟ್ರಿಕ್ ಲುಕ್ ಕೈಗೆ ಬರಲಿ, ಆಮೇಲೆ ಅನುವಾದಕರನ್ನು ಹುಡುಕಿ.